ವಿಷಯ: ನಿಮ್ಮ ರಾಜೀನಾಮೆ – ಕೊನೆಯ ದಿನ ಅಕ್ಟೋಬರ್ 31, ಕೆಲಸ ಹಸ್ತಾಂತರ ಮತ್ತು ಲೆಕ್ಕ ಚುಕ್ತಾ

ದಾವಣಗೆರೆ, 5 ಅಕ್ಟೋಬರ್ 2026

ಮಂಜುನಾಥ್ ಅವರಿಗೆ ನಮಸ್ಕಾರ,

ಶನಿವಾರ, 3ನೇ ತಾರೀಖು ನೀವು ಕಳಿಸಿದ ರಾಜೀನಾಮೆ ಪತ್ರ ತಲುಪಿದೆ, ಅಂಗೀಕರಿಸಿದ್ದೇವೆ. ಆರು ವರ್ಷ ಮಿಲ್ಲಿನ ಬಿಲ್ಲಿಂಗ್ ಮತ್ತು ಜಿಎಸ್‌ಟಿ ಕೆಲಸವನ್ನು ಒಂದು ನೋಟಿಸೂ ಬರದಂತೆ ನಡೆಸಿದ್ದೀರಿ, ಅದಕ್ಕೆ ಧನ್ಯವಾದ.

20ಕ್ಕೇ ಬಿಡುಗಡೆ ಕೇಳಿದ್ದೀರಿ. ಅದು ಆಗುವುದಿಲ್ಲ. ನೇಮಕಾತಿ ಪತ್ರದಂತೆ ನೋಟಿಸ್ ಅವಧಿ 30 ದಿನ, 3ರಿಂದ ಎಣಿಸಿದರೆ ನವೆಂಬರ್ 1ಕ್ಕೆ ಮುಗಿಯುತ್ತದೆ. ಅವತ್ತು ಭಾನುವಾರ, ರಾಜ್ಯೋತ್ಸವ ಬೇರೆ. ಹಾಗಾಗಿ ಅಕ್ಟೋಬರ್ 31, ಶನಿವಾರ ನಿಮ್ಮ ಕೊನೆಯ ದಿನ. ಒಂದು ದಿನದ ಕೊರತೆಗೆ ಸಂಬಳ ಹಿಡಿಯುವುದಿಲ್ಲ. ನವೆಂಬರ್ ಬಂದರೆ ಮಲೇಬೆನ್ನೂರು, ಹೊನ್ನಾಳಿ ಕಡೆಯ ಭತ್ತ ಶುರುವಾಗುತ್ತದೆ, ಆಮೇಲೆ ಯಾರಿಗೂ ಕೂತು ಹೇಳಿಕೊಡಲು ಪುರುಸೊತ್ತು ಸಿಗದು. ಹೊಸ ಕಂಪನಿಯವರು ಅವಸರ ಮಾಡಿದರೆ ಬಿಡುಗಡೆ ದಿನಾಂಕ ನಮೂದಿಸಿದ ಪತ್ರ ಇವತ್ತೇ ಕೊಡುತ್ತೇನೆ. ಈ ತಿಂಗಳು ದಸರಾ ರಜೆ ಬಿಟ್ಟು ಬೇರೆ ರಜೆ ಹಾಕಬೇಡಿ.

ನಿಮ್ಮ ಕೆಲಸ ಕಾವ್ಯ ಅವರಿಗೆ ಹೋಗುತ್ತದೆ. ನೀವು ಮಾಡುವುದನ್ನು ಅವರು ನೋಡುವುದು ಬೇಡ, ಅವರು ಮಾಡಲಿ, ನೀವು ಪಕ್ಕದಲ್ಲಿ ಕೂತಿರಿ. ಸೆಪ್ಟೆಂಬರ್ ರಿಟರ್ನ್ ಒಂದೇ ನಿಮ್ಮಿಬ್ಬರಿಗೂ ಒಟ್ಟಿಗೆ ಸಿಗುವುದು. ಅಕ್ಟೋಬರಿನದು ನೀವು ಹೋದ ಮೇಲೆ ಬರುತ್ತದೆ. GSTR-1 ಗಡುವು 11, ಭಾನುವಾರ. 10ರ ಶನಿವಾರವೇ ಕಾವ್ಯ ಕೈಯಲ್ಲಿ ಸಲ್ಲಿಸಿಸಿ. GSTR-3B ಗಡುವು 20, ಅದು ಹಬ್ಬದ ಗಡಿಬಿಡಿ. 16ರೊಳಗೆ ಮುಗಿಸಿ. 26ರಿಂದ ಪೂರ್ತಿ ಅವರೇ ನಡೆಸಲಿ. ಕೇಳಿದ್ದಕ್ಕೆ ಮಾತ್ರ ಉತ್ತರಿಸಿ, ಮೌಸ್ ಕೈಗೆ ತಗೊಳ್ಳಬೇಡಿ.

ಹೆಚ್ಚು ಎಡವಟ್ಟಾಗುವುದು ಬಿಲ್ಲಿಂಗಿನಲ್ಲಿ. ಲೇಬಲ್ ಹಾಕಿದ 25 ಕೆಜಿ ಅಕ್ಕಿ ಚೀಲಕ್ಕೆ 5% ತೆರಿಗೆ, 26 ಕೆಜಿ ಚೀಲಕ್ಕೆ ಇಲ್ಲ. ಟ್ಯಾಲಿಯಲ್ಲಿ ಎರಡರ ಹೆಸರೂ ಹತ್ತಿರ ಹತ್ತಿರ ಇವೆ. ತಪ್ಪು ಐಟಂ ಒತ್ತಿದರೆ ಬಿಲ್ಲೂ ತಪ್ಪು, ಇ-ವೇ ಬಿಲ್ ಬೇಕೋ ಬೇಡವೋ ಎಂಬ ಲೆಕ್ಕವೂ ತಪ್ಪು. ಇವತ್ತೇ ಹೆಸರಿನ ಮುಂದೆ ತೂಕ ಸೇರಿಸಿ. ಲಾರಿ ದಾರಿಯಲ್ಲಿ ಕೆಟ್ಟು ನಿಂತರೆ ಇ-ವೇ ಬಿಲ್ ಅವಧಿ ಮುಗಿಯುವ 8 ಗಂಟೆ ಮುಂಚಿನಿಂದ ಮುಗಿದ 8 ಗಂಟೆಯವರೆಗೆ ಮಾತ್ರ ವಿಸ್ತರಿಸಲು ಬರುವುದನ್ನೂ ಮಾಡಿ ತೋರಿಸಿ.

ಇನ್ನೊಂದು, ಒಟಿಪಿ. ಇ-ವೇ ಬಿಲ್ ಲಾಗಿನ್‌ಗೆ ನಿಮ್ಮ ಸ್ವಂತ ನಂಬರ್ ಜೋಡಿಸಿದೆ. ನೀವು ಹೋದ ಮಾರನೇ ದಿನ ಲೋಡಾದ ಲಾರಿ ಗೇಟಿನಲ್ಲಿ ನಿಂತು, ಒಟಿಪಿಗಾಗಿ ನಿಮಗೆ ಫೋನ್ ಮಾಡುವಂತಾಗಬಾರದು. ಈ ವಾರದಲ್ಲೇ ಕಚೇರಿಯ ನಂಬರ್‌ಗೆ ಬದಲಿಸಿ, ನನ್ನೆದುರು ಒಮ್ಮೆ ಲಾಗಿನ್ ಆಗಿ ತೋರಿಸಿ.

ಟ್ಯಾಲಿಯಲ್ಲಿ ಇಲ್ಲದ್ದು ನಿಮ್ಮ ಜೇಬಿನ ಪುಸ್ತಕದಲ್ಲಿದೆ: ರೈತರಿಗೆ ಕೊಟ್ಟ ಮುಂಗಡ, ವಾಪಸ್ ಬರಬೇಕಾದ ಗೋಣಿಚೀಲ, ತೌಡಿನ ಪಾರ್ಟಿಗಳ ಜತೆ ಬಾಯಿಮಾತಿನಲ್ಲಿ ಆದ ದರ, ಹಮಾಲಿ ಬಾಕಿ. ಅದನ್ನೆಲ್ಲ ಒಂದು ಎಕ್ಸೆಲ್ ಹಾಳೆಗೆ ಏರಿಸಿ, ಹೆಸರು, ಊರು, ಫೋನ್, ಮೊತ್ತ, ಯಾವಾಗಿನದು, ಯಾರ ಮಾತಿನ ಮೇಲೆ ಕೊಟ್ಟಿದ್ದು ಎಂಬಷ್ಟು ಇರಲಿ. ದೊಡ್ಡ ಬಾಕಿಯವರಿಗೆ ನೀವೇ ಫೋನ್ ಮಾಡಿ ಕಾವ್ಯ ಅವರನ್ನು ಪರಿಚಯಿಸಿ. ಮೊತ್ತವನ್ನೂ ಆಗಲೇ ಒಪ್ಪಿಸಿಕೊಳ್ಳಿ. ಗುಮಾಸ್ತ ಬದಲಾದ ಎಂದು ಗೊತ್ತಾದ ಕೂಡಲೇ ಹಳೇ ಬಾಕಿ ಮರೆಯುವವರು ಇದ್ದಾರೆ. ವೇಬ್ರಿಡ್ಜ್ ಚೀಟಿ ಮತ್ತು ಖರೀದಿ ರಿಜಿಸ್ಟರ್ ತಾಳೆ ಸೆಪ್ಟೆಂಬರ್ ಕೊನೆಯವರೆಗೆ ಆಗಿರಬೇಕು.

30ರ ಶುಕ್ರವಾರ ಲ್ಯಾಪ್‌ಟಾಪ್, ಕಚೇರಿ ಸಿಮ್, ಬೀರುವಿನ ಕೀ, ಐಡಿ ಕಾರ್ಡ್ ಒಪ್ಪಿಸಿ ಸಹಿ ತಗೊಳ್ಳಿ. ಲಾರಿ ಬ್ರೋಕರ್‌ಗಳ ವಾಟ್ಸಾಪ್ ಗುಂಪಿನಲ್ಲಿ ಕಾವ್ಯ ಅವರನ್ನು ಅಡ್ಮಿನ್ ಮಾಡಿದ ಮೇಲೇ ಹೊರಬನ್ನಿ. 31ರ ಸಂಜೆ ನಿಮ್ಮ ಎಲ್ಲ ಲಾಗಿನ್ ಮುಚ್ಚುತ್ತೇವೆ, ಅನುಭವ ಪತ್ರವನ್ನೂ ಬಿಡುಗಡೆ ಪತ್ರವನ್ನೂ ಅವತ್ತೇ ಕೊಡುತ್ತೇವೆ.

ಹಣದ ವಿಷಯ. ಅಕ್ಟೋಬರ್ ಸಂಬಳ, 11 ದಿನದ ಗಳಿಕೆ ರಜೆಯ ಹಣ ಸೇರಿಸಿ, ಮುಂಗಡದಲ್ಲಿ ಉಳಿದ ₹5,000 ಕಳೆದು, ಎರಡು ಕೆಲಸದ ದಿನದೊಳಗೆ, ಅಂದರೆ ನವೆಂಬರ್ 3ರೊಳಗೆ ಖಾತೆಗೆ ಬರುತ್ತದೆ. ಗ್ರಾಚ್ಯುಟಿ ಬೇರೆ: ಕೊನೆಯ ವೇತನ ₹18,200, ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ ₹10,500, ಆರು ವರ್ಷಕ್ಕೆ ₹63,000. ಆರರ ಮೇಲಿನ ನಾಲ್ಕು ತಿಂಗಳು ಲೆಕ್ಕಕ್ಕೆ ಬರುವುದಿಲ್ಲ. ಅರ್ಜಿಯನ್ನು ಈಗಲೇ ಕೊಟ್ಟಿಡಿ, ನವೆಂಬರ್ 30ರೊಳಗೆ ಪಾವತಿ ಆಗುತ್ತದೆ. ಪಿಎಫ್‌ನಲ್ಲಿ ನಿರ್ಗಮನ ದಿನಾಂಕವನ್ನು ಅಕ್ಟೋಬರ್ ವಂತಿಗೆ ಜಮೆಯಾದ ಮೇಲೆ, ನವೆಂಬರ್ 15ರ ನಂತರ ಹಾಕುತ್ತೇವೆ. ಅದಕ್ಕೂ ಮುಂಚೆ ವರ್ಗಾವಣೆಗೆ ಅರ್ಜಿ ಹಾಕಬೇಡಿ. ಹೊಸ ಕಂಪನಿಗೆ ಈಗಿರುವ ಯುಎಎನ್ ನಂಬರನ್ನೇ ಕೊಡಿ, ಇನ್ನೊಂದು ಮಾಡಿಸಿಕೊಂಡರೆ ಎರಡನ್ನು ಕೂಡಿಸುವುದರಲ್ಲೇ ತಿಂಗಳುಗಳು ಹೋಗುತ್ತವೆ.

ಇದಕ್ಕೆ ಒಪ್ಪಿಗೆ ಎಂದು ನಾಳೆಯೊಳಗೆ ಮೇಲ್ ಮಾಡಿ. ಬುಧವಾರ ಬೆಳಿಗ್ಗೆ 10 ಗಂಟೆಗೆ ಕಾವ್ಯ ಅವರನ್ನೂ ಕರಕೊಂಡು ನನ್ನ ಕೋಣೆಗೆ ಬನ್ನಿ, ಜೇಬಿನ ಪುಸ್ತಕವೂ ಜತೆಗಿರಲಿ.

ಇಂತಿ,
ರೇವಣಸಿದ್ದಪ್ಪ
ಲೆಕ್ಕಪತ್ರ ವಿಭಾಗದ ಮ್ಯಾನೇಜರ್