ನಿನ್ನೆಯ ಓದಿನ ಬಗ್ಗೆ

ರಾತ್ರಿ 9:10, ಬಂದ ಮೆಸೇಜ್

ನಿನ್ನೆ ನೀವು ಓದಿದ ಕಥೆ ಇನ್ನೂ ಕಿವಿಯಲ್ಲೇ ಇದೆ. ಮಗಳು ಕಾಗದ ಒಡೆಯೋ ಜಾಗದಲ್ಲಿ ಸುಮ್ಮನಾದ್ರಲ್ಲ, ಹಾಲ್‌ನಲ್ಲಿ ಯಾರೂ ಮಿಸುಕಲಿಲ್ಲ. ನಿಮ್ಮ ದನಿ ತುಂಬಾ ಚೆನ್ನಾಗಿದೆ. ಹೇಳಬೇಕು ಅನ್ನಿಸ್ತು.

9:24, ಉತ್ತರ

ಥ್ಯಾಂಕ್ಸ್. ಈ ಮಾತು ನಿಮ್ಮಿಂದ ಬಂತಲ್ಲ, ಅದಕ್ಕೇ ಖುಷಿ ಜಾಸ್ತಿ.

ಆ ಮೌನ ಬೇಕಂತಲೇ ಇಟ್ಟಿದ್ದು. ಮನಸ್ಸಲ್ಲೇ ಮೂರು ಎಣಿಕೆ. ಹಾಳೆಯಲ್ಲಿ ಪೆನ್ಸಿಲ್ ಗುರುತು ಇರುತ್ತೆ: ಒಂದು ಗೆರೆ ಇದ್ದರೆ ಉಸಿರು, ಎರಡಿದ್ದರೆ ನಿಲ್ಲಬೇಕು. ಒಂದೇ ಎಣಿಕೆಗೆ ಮುಂದೆ ಹೋದ್ರೆ ಬರೀ ಅಲ್ಪವಿರಾಮ ಆಗಿಬಿಡುತ್ತೆ, ಐದು ದಾಟಿದ್ರೆ ‘ಸಾಲು ತಪ್ಪಿತಾ?’ ಅಂತ ಜನ ಕತ್ತೆತ್ತಿ ನೋಡ್ತಾರೆ. ಅಷ್ಟು ಹೊತ್ತೂ ಕಣ್ಣು ಹಾಳೆ ಮೇಲೇ ಇರಬೇಕು. ಎದುರಿಗೆ ನೋಡಿದ್ರೋ, ಚಪ್ಪಾಳೆಗೆ ಕಾದ ಹಾಗೆ ಕಾಣುತ್ತೆ!

ಇಡೀ ಕಥೆಯಲ್ಲಿ ನನಗೆ ಅತಿ ಇಷ್ಟದ ಜಾಗ ಅದು. ನೀವು ಅದನ್ನೇ ಹೇಳಿದ್ರಿ. ಅಂದಹಾಗೆ, ಎಲ್ಲಿ ಕೂತಿದ್ರಿ?

9:31

ಕೊನೇ ಸಾಲು, ಬಾಗಿಲ ಪಕ್ಕ. ಅಷ್ಟು ಮೆತ್ತಗೆ ಓದಿದ್ರೂ ಅಲ್ಲಿಗೆ ಹೇಗೆ ಕೇಳಿಸ್ತು? ನನ್ನ ಕೈಗೆ ಮೈಕ್ ಕೊಟ್ರೆ ಕಿರುಚೋಕೆ ಶುರು ಮಾಡ್ತೀನಿ.

9:38, ಉತ್ತರ

ಕೊನೇ ಸಾಲಿಗೂ ತಲುಪಿತು ಅಂದ್ರೆ ಸಮಾಧಾನ. ಆ ಸಾಲಿನ ಚಿಂತೆಯೇ ಇತ್ತು.

ಮೈಕ್ ಬಾಯಿಂದ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ದೂರದಲ್ಲಿರಬೇಕು, ನೇರಕ್ಕಲ್ಲ, ಕೊಂಚ ಓರೆಯಾಗಿ. ನೇರ ಇಟ್ರೆ ಪ, ಫ, ಭ ಬಂದಾಗಲೆಲ್ಲ ಗಾಳಿ ‘ಡಬ್’ ಅಂತ ಹೊಡೆಯುತ್ತೆ. ದನಿ ಇಳಿಸುವಾಗ ಹತ್ತಿರ ಸರಿಯೋದು, ಏರಿಸುವಾಗ ಹಿಂದಕ್ಕೆ.

ಅದಕ್ಕಿಂತ ಮುಖ್ಯ ವಾಕ್ಯದ ಕೊನೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಬರೋದು ಅಲ್ಲಿ, ಉಸಿರು ಮುಗಿಯೋದೂ ಅಲ್ಲೇ. ಕೊನೇ ಪದ ನುಂಗಿಹೋದ್ರೆ ಅಪ್ಪ ಬಂದನೋ ಬರಲಿಲ್ಲವೋ ಅನ್ನೋದೇ ಹಿಂದಿನವರಿಗೆ ಗೊತ್ತಾಗಲ್ಲ. ಅದಕ್ಕೇ ಉದ್ದದ ವಾಕ್ಯ ಆದ್ರೆ ನಡುವೆ ಒಮ್ಮೆ ಉಸಿರು ತಗೊಂಡು, ಆಮೇಲೆ ಕ್ರಿಯಾಪದದ ಕಡೆ ಹೋಗೋದು.

9:45

ಇಷ್ಟೆಲ್ಲಾ ಇದೆಯಾ! ನಾನು ಸುಮ್ನೆ ನಿಮ್ಮ ದನಿ ಕೇಳ್ತಾ ಕೂತಿದ್ದೆ. ಇನ್ನೊಂದ್ಸಲ ಕೇಳ್ಬೇಕು.

9:47, ಉತ್ತರ

ಹಾಗೆ ಕೇಳಿದ್ದೇ ನನಗೆ ಇಷ್ಟ ಆಯ್ತು. ಲೆಕ್ಕಾಚಾರ ಕೇಳುವವರಿಗೆ ಕಾಣಬಾರದು.

ಮುಂದಿನ ಓದು ಶನಿವಾರ ಐದಕ್ಕೆ. ಮೈಕ್ ಪರೀಕ್ಷೆ ನಾಲ್ಕೂವರೆಗೆ, ಆಗ ಹಾಲ್ ಖಾಲಿ ಇರುತ್ತೆ. ಕೊನೇ ಸಾಲಲ್ಲಿ ಕೂತು, ಕ್ರಿಯಾಪದ ಕೇಳಿಸ್ತಾ, ಇಲ್ವಾ ಅಂತ ಹೇಳೋಕೆ ಒಬ್ಬರು ಬೇಕು. ನೀವೇ ಆದ್ರೆ ನನಗಿಷ್ಟ. ಬರ್ತೀರಾ?

9:48

ನಾಲ್ಕೂಕಾಲಿಗೇ ಬಂದಿರ್ತೀನಿ.