ಎರಡು ಫೋಟೋ, ಒಂದೇ ಲೆಕ್ಕ

ಪಲ್ಲವಿ, ಮಂಜು,

ನಿನ್ನೆ ರಾತ್ರಿ ನೀವಿಬ್ಬರೂ ಕಳಿಸಿದ ಫೋಟೋ ಪಕ್ಕಪಕ್ಕ ಇಟ್ಟುಕೊಂಡು ನೋಡಿದೆ. ಇಬ್ಬರ ಉತ್ತರವೂ 50. ಆದರೂ ಅಂಕ ಒಂದೇ ಬಂದಿಲ್ಲ. ನಾಲ್ಕಕ್ಕೆ ಪಲ್ಲವಿಗೆ 2, ಮಂಜುಗೆ 3. ಯಾಕೆ ಅಂತ ಇಬ್ಬರೂ ಒಟ್ಟಿಗೇ ಓದಬೇಕು, ಅದಕ್ಕೆ ಬೇರೆ ಬೇರೆ ಬರೆಯದೆ ಒಂದರಲ್ಲೇ ಬರೆಯುತ್ತಿದ್ದೇನೆ.

ಲೆಕ್ಕ ಇದು: ಒಂದು ರೈಲು 300 ಕಿ.ಮೀ. ದೂರವನ್ನು ಏಕರೂಪದ ವೇಗದಲ್ಲಿ ಹೋಗುತ್ತದೆ. ವೇಗ ಗಂಟೆಗೆ 10 ಕಿ.ಮೀ. ಜಾಸ್ತಿ ಇದ್ದಿದ್ದರೆ 1 ಗಂಟೆ ಮೊದಲೇ ಮುಟ್ಟುತ್ತಿತ್ತು. ರೈಲಿನ ವೇಗ ಎಷ್ಟು?

ಮೊದಲು ಪಲ್ಲವಿಯ ಹಾಳೆ. ತಂಗಿ, ನೋಡಿದ ಕೂಡಲೇ ಮನಸ್ಸಿಗೆ ಹಿತ ಆಗುವ ಹಾಗೆ ಬರೆದಿದ್ದೀಯ. ಮಾರ್ಜಿನ್ ಇದೆ. ಒಂದು ಹಂತಕ್ಕೆ ಒಂದು ಸಾಲು. ಸಮ ಚಿಹ್ನೆಗಳು ಒಂದರ ಕೆಳಗೆ ಒಂದು ನಿಂತಿವೆ. "ರೈಲಿನ ವೇಗ ಗಂಟೆಗೆ x ಕಿ.ಮೀ. ಆಗಿರಲಿ" ಅಂತ ಶುರು ಮಾಡಿದ್ದೀಯ. −60 ಯಾಕೆ ಬೇಡ ಅಂತ ಕಾರಣ ಬರೆದಿದ್ದೀಯ. ಉತ್ತರಕ್ಕೆ ಏಕಮಾನ ಹಾಕಿ ಚೌಕ ಎಳೆದಿದ್ದೀಯ. ಫೋಟೋ ಕೂಡ ನೇರವಾಗಿ, ಹಗಲ ಬೆಳಕಿನಲ್ಲಿ ತೆಗೆದದ್ದು. ಇಷ್ಟರಲ್ಲಿ ಒಂದನ್ನೂ ಬಿಡಬೇಡ.

ಆದರೆ ನಿನ್ನ ಸಮೀಕರಣ ನೋಡು:

300/(x + 10) − 300/x = 1

ನೀನು ದಿನಾ ಹುಬ್ಬಳ್ಳಿಯಿಂದ ಸಪ್ತಾಪುರಕ್ಕೆ ಟ್ಯೂಷನ್‌ಗೆ ಬರುತ್ತೀಯ. ಚಿಗರಿ ಬಸ್ ಹತ್ತಿದ ದಿನ ಬೇಗ ಮುಟ್ಟುತ್ತೀಯ, ಅಲ್ವಾ? ವೇಗ ಜಾಸ್ತಿಯಾದರೆ ಸಮಯ ಕಡಿಮೆ. ಹಾಗಾದರೆ 300/(x + 10) ಚಿಕ್ಕದು, 300/x ದೊಡ್ಡದು. ಚಿಕ್ಕದರಲ್ಲಿ ದೊಡ್ಡದನ್ನು ಕಳೆದರೆ +1 ಹೇಗೆ ಬಂದೀತು? ಎರಡು ಸಮಯಗಳಲ್ಲಿ ಯಾವುದು ದೊಡ್ಡದು ಅಂತ ಮೊದಲು ಪಕ್ಕದಲ್ಲಿ ಬರೆದುಕೊಂಡಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ.

ಅದರ ಮುಂದಿನ ಹಂತವನ್ನು ನೀನು ಸರಿಯಾಗಿಯೇ ಬಿಡಿಸಿದ್ದೀಯ:

−3000 = x² + 10x

ಇಲ್ಲಿಂದ ಬರಬೇಕಾದದ್ದು x² + 10x + 3000 = 0. ಹಾಳೆಯಲ್ಲಿ ಇರುವುದು x² + 10x − 3000 = 0. ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. 3000ದ ಹಿಂದೆ ವೈಟ್ನರ್ ಇದೆ, ಅದರ ಕೆಳಗೆ ಪ್ಲಸ್‌ನ ನಿಂತ ಗೆರೆ ಇನ್ನೂ ಮಸುಕಾಗಿ ಕಾಣುತ್ತದೆ. ಅಂದರೆ ನೀನು ಮೊದಲು +3000 ಅಂತಲೇ ಬರೆದಿದ್ದೆ. ಅಪವರ್ತನ ಸಿಗಲಿಲ್ಲ, ಚಿಹ್ನೆ ಬದಲಾಯಿಸಿದೆ. ಲೆಕ್ಕ ಸರಾಗ ಹೋಯಿತು.

ನಾನು ನಿನ್ನನ್ನು ಬೈಯುತ್ತಿಲ್ಲ. ಆ ಕ್ಷಣದಲ್ಲಿ ನಿನಗೆ ಏನೋ ಸರಿ ಇಲ್ಲ ಅಂತ ಗೊತ್ತಾಗಿತ್ತು, ಅದು ಒಳ್ಳೆಯದೇ. +3000 ಇಟ್ಟುಕೊಂಡು ಶೋಧಕ ತೆಗೆದಿದ್ದರೆ 100 − 12000 ಬರುತ್ತಿತ್ತು. ಋಣ ಸಂಖ್ಯೆ. ವಾಸ್ತವ ಮೂಲಗಳೇ ಇಲ್ಲ. ಇಂಥ ವೇಗದ ರೈಲೇ ಇಲ್ಲ ಅಂತ ಸಮೀಕರಣವೇ ಹೇಳುತ್ತಿತ್ತು. ಆಗ ಕೈ ಹೋಗಬೇಕಾದದ್ದು ವೈಟ್ನರ್ ಕಡೆಗಲ್ಲ, ಎರಡು ಸಾಲು ಮೇಲಿನ ಸಮೀಕರಣದ ಕಡೆಗೆ. ಎರಡು ತಪ್ಪು ಒಂದನ್ನೊಂದು ಮುಚ್ಚಿಹಾಕಿ 50 ಬಂದಿದೆ. ಪೇಪರ್ ತಿದ್ದುವವರು ಹಂತ ನೋಡಿ ಅಂಕ ಕೊಡುತ್ತಾರೆ. ಅವರ ಕಣ್ಣಿಗೆ ಇದು ಬಿದ್ದೇ ಬೀಳುತ್ತದೆ.

ಈಗ ಮಂಜು. ತಮ್ಮಾ, ನಿನ್ನ ಫೋಟೋ ಓದಲು ನಾನು ಮೊಬೈಲನ್ನೇ ಓರೆ ಹಿಡಿಯಬೇಕಾಯಿತು. ಕೆಳಗಿನ ಎಡಮೂಲೆಯಲ್ಲಿ ನಿನ್ನ ಹೆಬ್ಬೆರಳಿನ ನೆರಳು ಕೂತು ಒಂದು ಸಾಲು ಅರ್ಧ ಕಪ್ಪಾಗಿದೆ. x ಅಂದರೆ ಏನು ಅಂತ ಎಲ್ಲೂ ಹೇಳಿಲ್ಲ. ನೇರ ಸಮೀಕರಣಕ್ಕೇ ಇಳಿದಿದ್ದೀಯ. ಆದರೆ ಸಮೀಕರಣ ಸರಿ:

300/x − 300/(x + 10) = 1

3000 = x(x + 10) ಕೂಡ ಸರಿ. ಅದಾದ ಮೇಲೆ ಒಂದೇ ಸಾಲಿನಲ್ಲಿ ಎಲ್ಲವನ್ನೂ ತುರುಕಿದ್ದೀಯ:

x² + 10x − 3000 = 0 = x² + 60x − 50x − 3000 = (x + 60)(x − 50) = 50

ಇದನ್ನು ಎಡದಿಂದ ಬಲಕ್ಕೆ ಒಂದು ಸಲ ಜೋರಾಗಿ ಓದು. ಸೊನ್ನೆ ಅಂದರೆ ಐವತ್ತು ಅಂತ ಆಗುತ್ತದೆ! ನಿನ್ನ ತಲೆಯಲ್ಲಿ ಹಾಗಿಲ್ಲ, ನನಗೆ ಗೊತ್ತು. 10xನ್ನು 60x − 50x ಅಂತ ಸರಿಯಾಗಿಯೇ ಒಡೆದಿದ್ದೀಯ. ಆದರೆ ಸಮ ಚಿಹ್ನೆಯನ್ನು "ಆಮೇಲೆ" ಅನ್ನೋ ಅರ್ಥದಲ್ಲಿ ಬಳಸಿದ್ದೀಯ. ಎರಡು ಕಡೆಯ ಬೆಲೆ ಒಂದೇ ಇದ್ದಾಗ ಮಾತ್ರ ಅದನ್ನು ಹಾಕಬೇಕು. ಮುಂದಿನ ಹಂತಕ್ಕೆ ಹೋಗುವುದಿದ್ದರೆ ಕೆಳಗಿನ ಸಾಲಿಗೆ ಇಳಿ. ಹಾಳೆಯಲ್ಲಿ ಜಾಗ ಬೇಕಾದಷ್ಟಿದೆ.

−60 ಎಲ್ಲಿ ಹೋಯಿತು ಅಂತಲೂ ಹೇಳಿಲ್ಲ. 50 ಅಂದರೆ ಏನು, ಗಂಟೆಯೋ ಕಿಲೋಮೀಟರೋ, ಅದೂ ಇಲ್ಲ. ಅರ್ಧ ಅಂಕ ಇಲ್ಲಿ ಹೋಯಿತು, ಇನ್ನರ್ಧ x ಅಂದರೆ ಏನು ಅಂತ ಹೇಳದ್ದಕ್ಕೆ ಹೋಯಿತು.

ಆದರೆ ಬಲಗಡೆ ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ, ಸಣ್ಣಗೆ ಇದು ಇದೆ:

300/50 = 6, 300/60 = 5

ಎರಡೂ ಹಾಳೆಗಳಲ್ಲಿ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಸಾಲು ಇದೇ. ಯಾರೂ ಕೇಳದೆ ಉತ್ತರವನ್ನು ತಿರುಗಿ ಲೆಕ್ಕಕ್ಕೆ ಹಾಕಿ ನೋಡಿದ್ದೀಯ. 6 ಗಂಟೆ, 5 ಗಂಟೆ, ವ್ಯತ್ಯಾಸ 1. ಇದನ್ನು ಅಂಚಿನಲ್ಲಿ ಬಚ್ಚಿಡಬೇಡ. "ತಾಳೆ" ಅಂತ ಬರೆದು ಉತ್ತರದ ಕೆಳಗೆ ಪೆನ್ನಿನಲ್ಲೇ ಹಾಕು. ಪಲ್ಲವಿ, ನೀನೂ ಇದನ್ನು ನಿನ್ನ ಸಮೀಕರಣಕ್ಕೆ ಹಾಕಿದ್ದರೆ 5 − 6 = 1 ಅಂತ ಬಂದು ತಪ್ಪು ಅಲ್ಲೇ ಸಿಗುತ್ತಿತ್ತು.

ಪಲ್ಲವಿಗೆ ಬೇಜಾರಾಗಬಹುದು. ಅಷ್ಟು ಚೆಂದ ಬರೆದವಳಿಗೆ ಕಡಿಮೆ, ಗೀಚಿದವನಿಗೆ ಜಾಸ್ತಿ ಅಂತ. ನಾನೂ ಎರಡು ಸಲ ಯೋಚನೆ ಮಾಡಿದೆ. ಆದರೆ ಮಂಜುವಿನ ಲೆಕ್ಕದಲ್ಲಿ ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವ ದಾರಿ ಎಲ್ಲೂ ಕಡಿದಿಲ್ಲ, ಬರವಣಿಗೆ ಮಾತ್ರ ಕೆಟ್ಟಿದೆ. ನಿನ್ನದರಲ್ಲಿ ದಾರಿ ಎರಡು ಕಡೆ ಕಡಿದಿದೆ. x ಹೇಳಿದ್ದಕ್ಕೆ ಮತ್ತು ಸಮಯ ಬರೆದದ್ದಕ್ಕೆ 1, ಅಪವರ್ತನಕ್ಕೆ ಅರ್ಧ, −60 ಬಿಟ್ಟ ಕಾರಣ ಮತ್ತು ಏಕಮಾನಕ್ಕೆ ಅರ್ಧ ಕೊಟ್ಟಿದ್ದೇನೆ. ಸಮೀಕರಣದ 1, ಚಿಹ್ನೆ ಬದಲಾಯಿಸಿದ ಹಂತದ 1 ಕೊಡಲು ಬರುವುದಿಲ್ಲ.

ನಾಳೆ ಇಬ್ಬರೂ ಇದನ್ನೇ ಮತ್ತೊಮ್ಮೆ ಬರೆಯಿರಿ. ಪಲ್ಲವಿ, ವೈಟ್ನರ್ ಮನೆಯಲ್ಲೇ ಇರಲಿ. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಬರೆ, ಅದರಿಂದ ಅಂದ ಕೆಡುವುದಿಲ್ಲ. ಮಂಜು, ಹಾಳೆಯನ್ನು ಮೇಜಿನ ಮೇಲಿಟ್ಟು ಮೇಲಿನಿಂದ ನೇರ ಫೋಟೋ ತೆಗೆ, ಕಳಿಸುವ ಮುಂಚೆ ನೀನೇ ಒಂದು ಸಲ ಓದಿ ನೋಡು.

ಆಮೇಲೆ ಇದನ್ನು ಮಾಡಿ. ಒಂದು ಬಸ್ 240 ಕಿ.ಮೀ. ಹೋಗಬೇಕು. ಮಳೆ ಬಂದು ವೇಗ ಗಂಟೆಗೆ 20 ಕಿ.ಮೀ. ಕಡಿಮೆಯಾದ್ದರಿಂದ 1 ಗಂಟೆ ತಡವಾಯಿತು. ಬಸ್ಸಿನ ಎಂದಿನ ವೇಗ ಎಷ್ಟು? ಈ ಸಲ ಫೋಟೋ ನನಗೆ ಕಳಿಸುವ ಮುಂಚೆ ಹಾಳೆ ಅದಲುಬದಲು ಮಾಡಿಕೊಳ್ಳಿ. ಪಲ್ಲವಿಯದನ್ನು ಮಂಜು ತಿದ್ದಲಿ, ಮಂಜುವಿನದನ್ನು ಪಲ್ಲವಿ ತಿದ್ದಲಿ, ಕೆಂಪು ಪೆನ್ನಿನಲ್ಲಿ. ಶುಕ್ರವಾರ ಸಂಜೆ ಆರರೊಳಗೆ ಕಳಿಸಿ.