ಮಣ್ಣಿನ ಆಮ್ಲೀಯತೆ ಮತ್ತು ಸುಣ್ಣದ ಅಗತ್ಯ

ಮಲೆನಾಡು, ಕೊಡಗು ಮತ್ತು ಕರಾವಳಿಯ ಜಂಬಿಟ್ಟಿಗೆ ಮಣ್ಣುಗಳನ್ನು ಹುಳಿಯಾಗಿಸಿರುವುದು ಮುಖ್ಯವಾಗಿ ಮಳೆ. ನೀರು ಇಳಿಯುತ್ತ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಜೇಡಿ ಕಣಗಳ ಮೇಲೆ ತೆರವಾದ ಜಾಗಕ್ಕೆ ಹೈಡ್ರೋಜನ್ ಮತ್ತು ಅಲ್ಯೂಮಿನಿಯಂ ಬಂದು ಕೂರುತ್ತವೆ. ಯೂರಿಯಾ, ಅಮೋನಿಯಂ ಸಲ್ಫೇಟ್‌ಗಳೂ ನೈಟ್ರೇಟ್ ಆಗಿ ಮಾರ್ಪಡುವಾಗ ಆಮ್ಲವನ್ನು ಸೇರಿಸುತ್ತವೆ. ಅಲ್ಯೂಮಿನಿಯಂ ನೀರಿನೊಡನೆ ವರ್ತಿಸಿ ಮತ್ತೆ ಮತ್ತೆ ಹೈಡ್ರೋಜನ್ ಬಿಡುಗಡೆ ಮಾಡುತ್ತದೆ:

Al³⁺ + H₂O ⇌ AlOH²⁺ + H⁺

ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಮೊಟಕಾಗಿಸುತ್ತದೆ. ಅಂಥ ಬೇರು ಆಳಕ್ಕೆ ಇಳಿಯದು. ಬೇಸಿಗೆಯಲ್ಲಿ ಬೆಳೆ ಬೇಗ ಬಾಡಲು ಇದೂ ಒಂದು ಕಾರಣ. ಅತಿ ಹೆಚ್ಚು ನಷ್ಟವಾಗುವುದು ರಂಜಕದ ವಿಷಯದಲ್ಲಿ. ಹಾಕಿದ ಸೂಪರ್ ಫಾಸ್ಫೇಟ್‌ನ ಬಹುಭಾಗವನ್ನು ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡ್‌ಗಳು ಹಿಡಿದಿಟ್ಟುಕೊಳ್ಳುತ್ತವೆ. ಮಾಲಿಬ್ಡಿನಂ ಸಿಗುವುದೂ ಕಡಿಮೆಯಾಗುತ್ತದೆ, ದ್ವಿದಳ ಧಾನ್ಯಗಳ ಬೇರುಗಂಟುಗಳು ಸೊರಗುತ್ತವೆ. ಕಬ್ಬಿಣ, ಸತು, ತಾಮ್ರಗಳ ಲಭ್ಯತೆ ಮಾತ್ರ ಏರುತ್ತದೆ. ಮ್ಯಾಂಗನೀಸ್ ಕೆಲವೊಮ್ಮೆ ವಿಷದ ಮಟ್ಟ ಮುಟ್ಟುತ್ತದೆ.

ಹಾಗಾದರೆ ಎಷ್ಟು ಸುಣ್ಣ ಬೇಕು? ಪಿಎಚ್ ಒಂದನ್ನೇ ನೋಡಿ ಉತ್ತರಿಸಬೇಡಿ. ಪಿಎಚ್ ಅಳೆಯುವುದು ದ್ರಾವಣದಲ್ಲಿರುವ ಆಮ್ಲವನ್ನು. ಸುಣ್ಣ ತಟಸ್ಥಗೊಳಿಸಬೇಕಾದದ್ದು ಕಣಗಳಿಗೆ ಅಂಟಿದ, ಅದಕ್ಕಿಂತ ಬಹುಪಟ್ಟು ಹೆಚ್ಚಿನ ಮೀಸಲು ಆಮ್ಲವನ್ನು. ಪಿಎಚ್ 5.0 ಇರುವ ಕರಾವಳಿಯ ಮರಳು ಮಣ್ಣಿಗೆ ಸ್ವಲ್ಪ ಸುಣ್ಣ ಸಾಕು. ಅದೇ ಪಿಎಚ್ ಇರುವ, ಸಾವಯವ ಅಂಶ ತುಂಬಿದ ಕಾಫಿ ತೋಟದ ಜೇಡಿ ಮಣ್ಣು ಹಲವು ಪಟ್ಟು ಕೇಳುತ್ತದೆ.

ಈ ಮೀಸಲನ್ನು ಅಳೆಯಲು ಶೂಮೇಕರ್, ಮೆಕ್ಲೀನ್ ಮತ್ತು ಪ್ರ್ಯಾಟ್ 1961ರಲ್ಲಿ ಪ್ರಕಟಿಸಿದ ಬಫರ್ ವಿಧಾನವಿದೆ. 5 ಗ್ರಾಂ ಮಣ್ಣಿಗೆ 5 ಮಿ.ಲೀ. ನೀರು, ನಂತರ ಪಿಎಚ್ 7.5ರ ಬಫರ್ 10 ಮಿ.ಲೀ. ಸೇರಿಸಿ ಕಲಕಿ ಮತ್ತೆ ಪಿಎಚ್ ಓದುತ್ತೇವೆ. ಬಫರ್‌ನ ಪಿಎಚ್ ಎಷ್ಟು ಕುಸಿಯಿತೋ ಅಷ್ಟು ಮೀಸಲು ಆಮ್ಲವಿದೆ ಎಂದರ್ಥ. ಆ ಓದಿಗೆ ತಕ್ಕ ಸುಣ್ಣದ ಪ್ರಮಾಣವನ್ನು ಕೋಷ್ಟಕದಿಂದ ತೆಗೆದುಕೊಳ್ಳಬೇಕು.

ನಮ್ಮ ಜಂಬಿಟ್ಟಿಗೆ ಮಣ್ಣಿಗೆ ವಿನಿಮಯಶೀಲ ಅಲ್ಯೂಮಿನಿಯಂ ಆಧರಿಸಿದ ಲೆಕ್ಕವೇ ಹೆಚ್ಚು ಸೂಕ್ತ ಎಂಬುದು ನನ್ನ ಅಭಿಪ್ರಾಯ. ಪಿಎಚ್ 6.5ರ ಬೆನ್ನು ಹತ್ತದೆ ವಿಷವನ್ನಷ್ಟೇ ನೀಗಿಸುವುದರಿಂದ ರೈತನ ಖರ್ಚು ಉಳಿಯುತ್ತದೆ. ಒಂದು ಮಾದರಿಯನ್ನು 1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಿಂದ ಬಸಿದಾಗ ಪ್ರತಿ ಕಿಲೋಗೆ 2 ಸೆಂಟಿಮೋಲ್ ವಿದ್ಯುದಂಶದಷ್ಟು ಅಲ್ಯೂಮಿನಿಯಂ ಸಿಕ್ಕಿತೆನ್ನಿ. ಅದನ್ನು 1.5ರ ಗುಣಕದಿಂದ ಗುಣಿಸಿದರೆ ಬೇಕಾದ ಸುಣ್ಣ 3 ಸೆಂಟಿಮೋಲ್ ವಿದ್ಯುದಂಶದಷ್ಟು. ಒಂದು ಸೆಂಟಿಮೋಲ್ ವಿದ್ಯುದಂಶಕ್ಕೆ 0.5 ಗ್ರಾಂ CaCO₃ ಬೇಕು. ಅಂದರೆ ಕಿಲೋ ಮಣ್ಣಿಗೆ 1.5 ಗ್ರಾಂ. ಹೆಕ್ಟೇರಿನ 15 ಸೆಂ.ಮೀ. ಆಳದ ಮಣ್ಣು 20 ಲಕ್ಷ ಕಿಲೋ ಎಂದು ಹಿಡಿದರೆ 3 ಟನ್. ತಂದ ಸುಣ್ಣದ ಕಲ್ಲಿನ ಪುಡಿಯ ತಟಸ್ಥೀಕರಣ ಮೌಲ್ಯ ಶೇ 80 ಇದ್ದರೆ 3 ÷ 0.8 = 3.75 ಟನ್.

ಭತ್ತದ ಗದ್ದೆಯಲ್ಲಿ ಮಾತ್ರ ಎಚ್ಚರ. ನೀರು ನಿಂತ ಮೇಲೆ ಕಬ್ಬಿಣದ ಅಪಕರ್ಷಣದಿಂದ ಪಿಎಚ್ ತಾನಾಗಿಯೇ ತಟಸ್ಥದತ್ತ ಏರುವುದರಿಂದ, ಒಣ ಮಾದರಿಯ ಲೆಕ್ಕ ಅಗತ್ಯವನ್ನು ಹೆಚ್ಚಿಗೆ ತೋರಿಸುತ್ತದೆ.

ಅಭ್ಯಾಸ: ಮೇಲಿನ ಮಣ್ಣಿಗೆ 10 ಸೆಂ.ಮೀ. ಆಳದವರೆಗೆ ಮಾತ್ರ ಇದೇ ಪುಡಿಯನ್ನು ಬೆರೆಸುವುದಾದರೆ ಎಷ್ಟು ಬೇಕು? (ಉತ್ತರ: 2.5 ಟನ್)